ಆರ್‌ಎಸ್‌ಎ ಪ್ರಶ್ನೆ: ನೀರು ಕೊಟ್ಟರೆ ಸಾಕಾ?

"ಅಕ್ಕ, ಸಿಡ್ನಿಗೆ ಬಂದು ಮೂರು ವಾರ ಆಯ್ತು. ಒಂದು ಪಬ್ಬಿನಲ್ಲಿ ವೀಕೆಂಡ್ ಕೆಲಸ ಸಿಗೋ ಹಾಗಿದೆ, ಅದಕ್ಕೆ ಮದ್ಯವನ್ನು ಜವಾಬ್ದಾರಿಯಿಂದ ಕೊಡೋದನ್ನು ಕಲಿಸೋ ಆರ್‌ಎಸ್‌ಎ ಕೋರ್ಸ್ ಮಾಡ್ತಿದ್ದೀನಿ. 'ಗಿರಾಕಿಗೆ ಅಮಲೇರಿದೆ, ಏನು ಮಾಡ್ತೀರಿ' ಅನ್ನೋದಕ್ಕೆ 'ಡ್ರಿಂಕ್ ಕೊಡಲ್ಲ, ನೀರು ಕೊಟ್ಟು ಕೂರಿಸ್ತೀನಿ' ಅಂತ ಬರೆದೆ. ಅರ್ಧ ಸರಿ ಅಂದ್ರು. ಯಾಕೆ?"

ನೀರು ಕೊಡೋದು ಒಳ್ಳೆಯದೇ. ಆದರೆ ಅದು ಅಮಲೇರುವ ಮುಂಚಿನ ಕೆಲಸ. ಒಬ್ಬರ ದನಿ ಜೋರಾಗುತ್ತಿದೆ, ಒಂದು ಗ್ಲಾಸ್ ಮುಗಿಯೋ ಮೊದಲೇ ಇನ್ನೊಂದು ಕೇಳುತ್ತಿದ್ದಾರೆ ಅನ್ನಿ. ಆಗ ನೀರು ಕೊಡಿ, ತಿನ್ನೋಕೆ ಏನಾದರೂ ತಗೊಳ್ಳಿ ಅನ್ನಿ, ಮುಂದಿನ ಗ್ಲಾಸ್ ತಡ ಮಾಡಿ. ಅಮಲೇರಿದ ಮೇಲೆ ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್‌ನಲ್ಲಿ ಅಷ್ಟಕ್ಕೆ ಮುಗಿಯಲ್ಲ. ಅಮಲೇರಿದವರು ಪಬ್ಬಿನ ಒಳಗೆ ಸಿಕ್ಕರೆ, ಲೈಸೆನ್ಸ್ ಇರುವವರೇ ಅದಕ್ಕೆ ಅವಕಾಶ ಕೊಟ್ಟರು ಅಂತ 2007ರ ಲಿಕ್ಕರ್ ಆಕ್ಟ್ ಭಾವಿಸುತ್ತದೆ. ಹಾಗಲ್ಲ ಅಂತ ತೋರಿಸೋಕೆ ಕಾನೂನು ಮೂರು ಕೆಲಸ ಹೇಳುತ್ತದೆ: ಗೊತ್ತಾದ ಕ್ಷಣದಿಂದ ಮದ್ಯ ಕೊಡಬಾರದು, ಹೊರಗೆ ಹೋಗಿ ಅಂತ ಹೇಳಿರಬೇಕು, ಕಳಿಸೋಕೆ ಪೊಲೀಸರ ನೆರವು ಕೇಳಿರಬೇಕು ಅಥವಾ ಕೇಳೋಕೆ ಪ್ರಯತ್ನಿಸಿರಬೇಕು. ನಿಮ್ಮ ಉತ್ತರದಲ್ಲಿ ಮೊದಲನೆಯದು ಮಾತ್ರ ಇತ್ತು. ಒಳಗೇ ಕೂರಿಸಿದ್ದು ತಪ್ಪಾಯಿತು.

ಇನ್ನು ಅಮಲೇರಿದೆ ಅಂತ ಹೇಳೋದು ಹೇಗೆ? ಇಲ್ಲೇ ಜಾಸ್ತಿ ಜನ ಎಡವುತ್ತಾರೆ, ನಾನೂ ಎಡವಿದ್ದೇನೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಒಬ್ಬರು ನನ್ನ ಹತ್ತಿರ ಎರಡು ಸ್ಕೂನರ್ ಬಿಯರ್ ತಗೊಂಡಿದ್ದರು. ಮೂರನೆಯದಕ್ಕೆ ಬಂದಾಗ ನಾಣ್ಯ ಎಣಿಸೋಕೆ ಆಗದೆ ಕೌಂಟರ್ ಮೇಲೆ ಚೆಲ್ಲಿದರು, ಒಂದೇ ಮಾತನ್ನು ಎರಡು ಸಲ ಹೇಳಿದರು. 'ಎರಡೇ ತಾನೇ ಆಗಿದ್ದು' ಅಂತ ಸುಮ್ನೆ ಕೊಟ್ಟೆ. ಅವರು ಬರುವ ಮುಂಚೆ ಬೇರೆ ಕಡೆ ಕುಡಿದಿದ್ದರು ಅಂತ ಆಮೇಲೆ ಗೊತ್ತಾಯಿತು. ಅವತ್ತು ಮ್ಯಾನೇಜರ್ ನನಗೆ ಹೇಳಿದ್ದು ಒಂದೇ: ನಿನ್ನ ಲೆಕ್ಕ ನೋಡಬೇಡ, ಮನುಷ್ಯನನ್ನು ನೋಡು.

ಕಾನೂನು ಕೇಳೋದೂ ಅದನ್ನೇ. ಮಾತು, ನಿಲುವು, ಕೈಕಾಲಿನ ಹಿಡಿತ, ವರ್ತನೆ, ಇವುಗಳಲ್ಲಿ ಏರುಪೇರು ಕಣ್ಣಿಗೆ ಬೀಳುವಷ್ಟಿದೆಯಾ? ಅದು ಕುಡಿತದಿಂದಲೇ ಅಂತ ನಂಬೋಕೆ ಆ ಸಂದರ್ಭದಲ್ಲಿ ಸರಿಯಾದ ಕಾರಣ ಇದೆಯಾ? ಎರಡಕ್ಕೂ ಹೌದು ಅಂದರೆ ಅಮಲೇರಿದೆ ಅಂತ ಅರ್ಥ. ಗ್ಲಾಸಿನ ಲೆಕ್ಕ ಬರೀ ಸಹಾಯಕ್ಕೆ. 425 ಮಿಲಿ ಸ್ಕೂನರ್ ಮಾಮೂಲಿ ಬಿಯರ್ ಅಂದರೆ ಸುಮಾರು 1.6 ಸ್ಟ್ಯಾಂಡರ್ಡ್ ಡ್ರಿಂಕ್. ಒಂದು ಸ್ಟ್ಯಾಂಡರ್ಡ್ ಡ್ರಿಂಕ್ ಅಂದರೆ 10 ಗ್ರಾಂ ಆಲ್ಕೋಹಾಲ್. ದೇಹ ಗಂಟೆಗೆ ಹೆಚ್ಚುಕಡಿಮೆ ಅಂಥ ಒಂದನ್ನು ಕರಗಿಸುತ್ತದೆ. ಕಾಫಿ ಕುಡಿಸಿದರೆ ಅದು ಬೇಗ ಆಗಲ್ಲ.

ಆ ಎರಡನೇ ಪ್ರಶ್ನೆಯನ್ನು ಬಿಟ್ಟುಬಿಡಬೇಡಿ. ಸಕ್ಕರೆ ಕಾಯಿಲೆ ಇರುವವರಿಗೆ ಸಕ್ಕರೆ ಇಳಿದರೆ ಬೆವರುತ್ತಾರೆ, ಕೈ ನಡುಗುತ್ತದೆ, ಮಾತು ತೊದಲುತ್ತದೆ, ನೋಡೋಕೆ ಕುಡಿದವರ ಹಾಗೇ ಕಾಣುತ್ತಾರೆ. ಪಾರ್ಶ್ವವಾಯು ಬಡಿದವರ ಮಾತೂ ತೊದಲುತ್ತದೆ, ಹುಟ್ಟಿನಿಂದಲೇ ಮಾತು ತೊದಲುವವರೂ ಇರುತ್ತಾರೆ. ಹಾಗಾಗಿ ಹತ್ತಿರ ಹೋಗಿ ಎರಡು ನಿಮಿಷ ಮಾತಾಡಿಸಿ. 'ಆರಾಮಾಗಿದ್ದೀರಾ?' ಅಂತ ಕೇಳಿ. ಜೊತೆಗೆ ಬಂದವರನ್ನು ಕೇಳಿ. ಬಂದಾಗ ಹೇಗಿದ್ದರು, ಈಗ ಹೇಗಿದ್ದಾರೆ ಅಂತ ಹೋಲಿಸಿ. ಕಾಯಿಲೆ ಅನ್ನೋ ಅನುಮಾನ ಬಂದರೆ ತುರ್ತು ಸಂಖ್ಯೆ 000ಗೆ ಫೋನ್ ಮಾಡಿ, ಹೊರಗೆ ಕಳಿಸೋ ಯೋಚನೆ ಬೇಡ.

ಅಮಲೇ ಅಂತ ಖಾತ್ರಿಯಾದರೆ ಮೊದಲು ಸೂಪರ್‌ವೈಸರ್‌ಗೆ ಹೇಳಿ, ಆಮೇಲೆ ಗಿರಾಕಿಯನ್ನು ಸ್ವಲ್ಪ ಪಕ್ಕಕ್ಕೆ ಕರೆಯಿರಿ. ಗೆಳೆಯರ ಎದುರು ಹೇಳಿದರೆ ಮಾನ ಹೋಯ್ತು ಅಂತ ರೇಗುತ್ತಾರೆ. 'ನೀವು ಕುಡಿದಿದ್ದೀರಿ' ಅನ್ನಬೇಡಿ. 'ಇವತ್ತು ಇನ್ನು ಡ್ರಿಂಕ್ ಕೊಡೋಕೆ ನನಗೆ ಕಾನೂನು ಬಿಡಲ್ಲ, ಟ್ಯಾಕ್ಸಿ ಕರೆಸಲಾ?' ಅನ್ನಿ. ದನಿ ತಗ್ಗಿರಲಿ, ಮೈ ಮುಟ್ಟಬೇಡಿ. 'ಒಂದೇ ಒಂದು, ಕೊನೇದು' ಅಂತ ಗೋಗರೆದರೆ ಅದೇ ಮಾತನ್ನು ಮತ್ತೆ ಹೇಳಿ. ಬೇರೆ ಕಾರಣ ಕಟ್ಟಿದರೆ ವಾದ ಶುರುವಾಗುತ್ತದೆ. ಬಾರಿನ ಆ ತುದಿಯಲ್ಲಿರೋ ಸಹೋದ್ಯೋಗಿಗೂ ತಕ್ಷಣ ತಿಳಿಸಿ, ಇಲ್ಲದಿದ್ದರೆ ಅಲ್ಲಿ ಹೋಗಿ ಕೇಳುತ್ತಾರೆ. ಗೆಳೆಯ ಬಂದು 'ನನಗೆ ಎರಡು ಬಿಯರ್' ಅಂದರೆ ಎರಡನೆಯದು ಯಾರಿಗೆ ಅಂತ ನೋಡಿ. ಅಮಲೇರಿದವರಿಗೆ ಪಬ್ಬಿನೊಳಗೆ ಮದ್ಯ ತಂದುಕೊಡೋದು ಆ ಗೆಳೆಯನಿಗೂ ಅಪರಾಧವೇ. ಪರೀಕ್ಷೆಯಲ್ಲಿ ಇದು ಬಂದೇ ಬರುತ್ತದೆ ಅಂದುಕೊಂಡು ಓದಿ.

ಹೊರಗೆ ಹೋಗಿ ಅಂದ ಮೇಲೆ ಅವರು 24 ಗಂಟೆ ಮತ್ತೆ ಒಳಗೆ ಬರುವಂತಿಲ್ಲ. ಸರಿಯಾದ ಕಾರಣವಿಲ್ಲದೆ 50 ಮೀಟರ್ ಒಳಗೆ 6 ಗಂಟೆ ಸುಳಿದಾಡುವಂತೆಯೂ ಇಲ್ಲ. ಟ್ಯಾಕ್ಸಿಗೆ ಕಾಯೋದು ಸರಿಯಾದ ಕಾರಣವೇ. ಹಾಗಾಗಿ ಬಾಗಿಲ ಹತ್ತಿರ ನಿಂತು ಗಾಡಿ ಹತ್ತುವವರೆಗೂ ನೋಡಿ. ಆಮೇಲೆ ಘಟನೆ ಬರೆಯುವ ರಿಜಿಸ್ಟರ್ ತೆಗೆದು, ಗಂಟೆ ಎಷ್ಟು, ಏನೇನು ಕಂಡಿರಿ, ಏನು ಹೇಳಿದಿರಿ, ಯಾರಿದ್ದರು ಅಂತ ಬರೆದಿಡಿ. 'ಕುಡಿದಿದ್ದರು' ಅಂತ ಬರೆದರೆ ನಾಳೆ ಇನ್‌ಸ್ಪೆಕ್ಟರ್ ಕೇಳಿದಾಗ ಏನೂ ಹೇಳಿದ ಹಾಗಾಗಲ್ಲ. 'ನಾಣ್ಯ ಚೆಲ್ಲಿದರು, ಕುರ್ಚಿ ಹಿಡಿದು ನಿಂತರು' ಅಂತ ಬರೆಯಿರಿ.