ಫೈಲು ಮಲಗಿರೋದು ಯಾರ ಮೇಜಿನ ಮೇಲೆ?

*ಪೀಣ್ಯದ ಕಾರ್ಖಾನೆಯೊಂದರ ಪರ್ಚೇಸ್ ವಿಭಾಗ ಸೇರಿ ವರ್ಷವಾಯಿತು. ₹4,200ರ ಬೇರಿಂಗ್‌ಗೆ ಪರ್ಚೇಸ್ ಆರ್ಡರ್, ಅಂದರೆ ಪಿ.ಒ., ಹೊರಡಲು 19 ದಿನ ಹಿಡಿಯಿತು. ಮಷೀನ್ ನಿಂತಿದ್ದಕ್ಕೆ ಮೀಟಿಂಗಿನಲ್ಲಿ ಎಲ್ಲರೆದುರು ಬೈಸಿಕೊಂಡವಳು ನಾನು. ಫೈಲು ಕೂರುವುದು ಅಕೌಂಟ್ಸ್ ಮ್ಯಾನೇಜರ್ ಹತ್ತಿರ, ಅವರೋ ತುಂಬಾ ಹಿರಿಯರು. ಎಂ.ಡಿ.ಗೆ ನೇರ ದೂರು ಬರೆಯಲೇ? ಬೇರೆ ಕೆಲಸ ನೋಡಿಕೊಳ್ಳಲೇ? ಆ ಫೈಲಿನ ತಾರೀಖುಗಳನ್ನು ಜೊತೆಗಿಟ್ಟಿದ್ದೇನೆ.*
*— ಹೆಸರು ಬೇಡ*

ದೂರಿನ ಮೇಲ್ ಸದ್ಯಕ್ಕೆ ಕಳಿಸಬೇಡಿ. ನೀವು ಕಳಿಸಿದ ತಾರೀಖುಗಳು ಬೇರೆಯೇ ಕಥೆ ಹೇಳುತ್ತಿವೆ.

3ಕ್ಕೆ ಸಾಮಾನು ಬೇಕೆಂದು ಮೇಂಟೆನೆನ್ಸ್‌ನವರ ಇಂಡೆಂಟ್, 4ಕ್ಕೆ ಅವರ ಮುಖ್ಯಸ್ಥರ ಸಹಿ. ಮೂರು ಕೊಟೇಶನ್ ಬಂದು ದರಪಟ್ಟಿ ಅಕೌಂಟ್ಸ್‌ಗೆ ಹೋಗುವಾಗ 9. ಖರ್ಚು ಯಾವ ವಿಭಾಗದ ಲೆಕ್ಕಕ್ಕೆ ಎಂದು ಹೇಳುವ ‘ಕಾಸ್ಟ್ ಸೆಂಟರ್’ ಬರೆದಿಲ್ಲ ಎಂಬ ಷರಾ ಹೊತ್ತು ಫೈಲು ವಾಪಸಾಗಿದ್ದು 12ಕ್ಕೆ. ಮೇಂಟೆನೆನ್ಸ್‌ನವರು ಅದನ್ನು ತುಂಬಿ ಕೊಟ್ಟಿದ್ದು 16ಕ್ಕೆ, ಅಕೌಂಟ್ಸ್ ಸಹಿ 17ಕ್ಕೆ, ಎಂ.ಡಿ. ಸಹಿ ಮತ್ತು ಪಿ.ಒ. 22ಕ್ಕೆ. ಕೂಡಿ ನೋಡಿ: ಕೊಟೇಶನ್‌ಗೆ 5 ದಿನ, ಎಂ.ಡಿ. ಮೇಜಿನಲ್ಲಿ 5, ವಾಪಸ್ ಹೋಗಿ ಬರಲು 4. ನೀವು ಬೈಯುತ್ತಿರುವ ಮನುಷ್ಯರ ಹತ್ತಿರ ಎರಡು ಸಲ ಸೇರಿ 4. ಅವರೇನೂ ಚುರುಕಲ್ಲ, ನಿಜ. ಆದರೆ ಅವರೊಬ್ಬರೇ ಕಾರಣವೂ ಅಲ್ಲ.

ಒಂದು ಫೈಲಿನಿಂದ ತೀರ್ಪು ಕೊಡುವುದು ತಪ್ಪು. ಪಿ.ಒ. ಆಗಿ ಮುಗಿದಿರುವ ಹತ್ತು-ಹನ್ನೆರಡು ಫೈಲು ತೆಗೆಯಿರಿ. ಬೇಗ ಆದವೂ ಇರಲಿ, ಕೊಳೆತವೂ ಇರಲಿ. ಸಹಿಯ ಕೆಳಗಿನ ತಾರೀಖು, ಇನ್‌ವರ್ಡ್ ರಿಜಿಸ್ಟರ್, ಮೇಲ್‌ಗಳಿಂದ ಪ್ರತಿ ಮೇಜಿಗೆ ಬಂದ ದಿನ, ಹೊರಟ ದಿನ ಎರಡನ್ನೂ ಬರೆದುಕೊಳ್ಳಿ. ಆಮೇಲೆ ದೊಡ್ಡ ಹಾಳೆಯನ್ನು ಅಡ್ಡಲಾಗಿ ಹಾಸಿ ಮೇಜಿಗೊಂದು ಪಟ್ಟಿ ಎಳೆಯಿರಿ: ಇಂಡೆಂಟ್ ಹಾಕಿದ ವಿಭಾಗ, ಪರ್ಚೇಸ್, ಅಕೌಂಟ್ಸ್, ಎಂ.ಡಿ. ಹೆಸರು ಬೇಡ, ಹುದ್ದೆ ಸಾಕು. ಕೆಲಸಕ್ಕೆ ಚೌಕ, ತೀರ್ಮಾನಕ್ಕೆ ವಜ್ರಾಕೃತಿ, ಸುಮ್ಮನೆ ಕಾಯುವುದಕ್ಕೆ D ಆಕಾರ. ಪ್ರತಿ ಚೌಕದ ಕೆಳಗೆ ನಿಜವಾಗಿ ಕೈಯಾಡಿಸಿದ ನಿಮಿಷ, ಪ್ರತಿ Dಯ ಕೆಳಗೆ ಕಾದ ದಿನ.

ಇಲ್ಲಿ ಹೆಚ್ಚಿನವರು ಎಡವುವುದು ವಜ್ರಾಕೃತಿಯಲ್ಲಿ. ಐ.ಎಸ್.ಒ. ಆಡಿಟ್‌ಗೆಂದು ಬರೆಸಿಟ್ಟ ಚಿತ್ರವನ್ನೇ ನಕಲು ಮಾಡುತ್ತಾರೆ. ಅದರಲ್ಲಿ ‘ಹೌದು’ ಬಾಣ ಮಾತ್ರ ನೆಟ್ಟಗೆ ಓಡುತ್ತದೆ, ‘ಇಲ್ಲ’ ಬಾಣ ಕಾಣುವುದೇ ಇಲ್ಲ. ಪ್ರತಿ ತೀರ್ಮಾನದಿಂದಲೂ ಎರಡು ಬಾಣ ಹೊರಡಲಿ. ‘ಇಲ್ಲ’ ಎಂದಾಗ ಫೈಲು ಯಾವ ಮೇಜಿಗೆ ಹೋಯಿತು, ಹತ್ತರಲ್ಲಿ ಎಷ್ಟು ಹೋದವು ಎಂದು ಪಕ್ಕದಲ್ಲೇ ಬರೆಯಿರಿ. ನಿಮ್ಮ ಫೈಲು ಅಕೌಂಟ್ಸ್‌ನಿಂದ ಹಿಂದಕ್ಕೆ ಜಿಗಿದು ಮೊದಲ ಪಟ್ಟಿಗೇ ಬಿದ್ದಿದೆ. ಆ ತಪ್ಪು ಹುಟ್ಟಿದ್ದು 3ಕ್ಕೆ, ಸಿಕ್ಕಿಬಿದ್ದಿದ್ದು 12ಕ್ಕೆ.

ಹತ್ತರಲ್ಲಿ ನಾಲ್ಕೈದು ಹೀಗೇ ಜಿಗಿದಿದ್ದರೆ ಮೊದಲು ಇದನ್ನೇ ಹಿಡಿಯಿರಿ, ಏಕೆಂದರೆ ಇದಕ್ಕಾಗಿ ಯಾರೂ ತಮ್ಮ ಅಧಿಕಾರ ಬಿಟ್ಟುಕೊಡಬೇಕಿಲ್ಲ. ಇಂಡೆಂಟ್ ಫಾರಂನಲ್ಲೇ ಕಾಸ್ಟ್ ಸೆಂಟರ್‌ಗೆ ಕಾಲಂ ಇರಲಿ, ಅದು ಖಾಲಿಯಿದ್ದರೆ ನೀವು ಇಂಡೆಂಟ್ ತೆಗೆದುಕೊಳ್ಳಬೇಡಿ. ಹೋಗಿಬರುವ 4 ದಿನ, ಎರಡನೇ ಸಲ ಅಕೌಂಟ್ಸ್‌ನಲ್ಲಿ ಕಳೆದ 1 ದಿನ, ಎರಡೂ ಉಳಿಯುತ್ತವೆ.

ಎಂ.ಡಿ. ಸಹಿಯದು ಸೂಕ್ಷ್ಮ. ಅವರು ವಾರಕ್ಕೊಮ್ಮೆ ಕೂತು ಇಡೀ ಕಂತೆಗೆ ಸಹಿ ಹಾಕುವವರಾದರೆ ಫೈಲಿಗೆ ಕೈಯಾಡಿಸಿದ್ದು ನಿಮಿಷ, ಕಾಯಿಸಿದ್ದು ದಿನಗಟ್ಟಲೆ. ಅವರು ಚಿಕ್ಕ ಮೊತ್ತದ ಎಷ್ಟು ಫೈಲನ್ನು ತಿರಸ್ಕರಿಸಿದ್ದಾರೆ ನೋಡಿ. ಒಂದನ್ನೂ ಇಲ್ಲವೆಂದರೆ, ಇಂತಿಷ್ಟು ಮೊತ್ತದವರೆಗೆ ವಿಭಾಗದ ಮುಖ್ಯಸ್ಥರ ಸಹಿಯೇ ಸಾಕು ಎಂದು ಕೇಳಲು ಅದೇ ಆಧಾರ. ಹಾಗೆ ಮಿತಿ ಇಟ್ಟ ಮೇಲೆ ದೊಡ್ಡ ಇಂಡೆಂಟನ್ನು ತುಂಡು ಮಾಡಿ ಮಿತಿಯೊಳಗೆ ತೂರಿಸುವವರು ಬಂದೇ ಬರುತ್ತಾರೆ. ಒಂದೇ ವಾರ, ಒಂದೇ ಸಪ್ಲೈಯರ್, ಒಂದೇ ಸಾಮಾನು ಮತ್ತೆ ಮತ್ತೆ ಕಂಡರೆ ಅದೇ ಗುರುತು. ಸಾಮಾನು ಕೇಳುವವರು, ಆರ್ಡರ್ ಹಾಕುವವರು, ಸ್ಟೋರ್ಸ್‌ನಲ್ಲಿ ತೆಗೆದುಕೊಳ್ಳುವವರು ಮಾತ್ರ ಯಾವತ್ತೂ ಬೇರೆ ಬೇರೆಯೇ ಇರಬೇಕು. ಆ ತಪಾಸಣೆ ವಿಳಂಬವಲ್ಲ, ಅದನ್ನು ಅಳಿಸಬೇಡಿ.

ಇನ್ನು ಕೊಟೇಶನ್‌ನ 5 ದಿನ ನಿಮ್ಮದೇ ಪಟ್ಟಿಯಲ್ಲಿದೆ, ಬೇಸರಿಸಬೇಡಿ. ಪದೇ ಪದೇ ಬೇಕಾಗುವ ಬೇರಿಂಗ್, ಆಯಿಲ್ ಸೀಲ್‌ಗಳಿಗೆ ವರ್ಷದ ರೇಟ್ ಕಾಂಟ್ರಾಕ್ಟ್ ಮಾಡಿಕೊಂಡರೆ ಪ್ರತಿ ಸಲ ಮೂವರನ್ನು ಬೇಡುವುದು ತಪ್ಪುತ್ತದೆ.

ಮೂರನ್ನೂ ಒಟ್ಟಿಗೆ ಬದಲಿಸಬೇಡಿ. ಒಂದನ್ನು ಬದಲಿಸಿ, ಮುಂದಿನ ಹತ್ತು ಫೈಲಿನ ತಾರೀಖು ಮತ್ತೆ ಹಾಳೆಗೆ ಹಾಕಿ. ಅಕೌಂಟ್ಸ್‌ನಿಂದ ಫೈಲು ಬೇಗ ಬಿಡುಗಡೆಯಾದರೆ ಎಂ.ಡಿ. ಮೇಜಿನಲ್ಲಿ ರಾಶಿ ಬೆಳೆಯುವುದೂ ಉಂಟು.

ಹಾಳೆಯನ್ನು ಮೊದಲು ತೋರಿಸಬೇಕಾದ್ದು ಎಂ.ಡಿ.ಗಲ್ಲ, ಅಕೌಂಟ್ಸ್ ಮ್ಯಾನೇಜರ್‌ಗೆ. ‘ಸರ್, ಕಾಸ್ಟ್ ಸೆಂಟರ್ ಇಲ್ಲದ ಇಂಡೆಂಟ್ ಇನ್ನು ನಿಮ್ಮ ತನಕ ಬರದ ಹಾಗೆ ಮಾಡಬೇಕೆಂದಿದ್ದೇನೆ, ಈ ಚಿತ್ರ ಸರಿಯಿದೆಯಾ ನೋಡಿ’ ಎಂದು ಕೇಳಿ. ಎಷ್ಟೋ ವರ್ಷದಿಂದ ಅದೇ ಷರಾ ಬರೆದು ಅವರಿಗೂ ಸಾಕಾಗಿರುತ್ತದೆ. ಅವರು ಪೆನ್ಸಿಲ್ ಹಿಡಿದು ಎರಡು ಬಾಣ ತಿದ್ದಿದರೆ ತಿದ್ದಲಿ, ಮುಂದಿನ ಮೀಟಿಂಗಿಗೆ ತಿದ್ದಿದ ಆ ಹಾಳೆಯನ್ನೇ ಒಯ್ಯಿರಿ. ಕೆಲಸ ಬಿಡುವ ವಿಚಾರವನ್ನು ಅದಾದ ಮೇಲೆ ನೋಡೋಣ.