‘ಮೇಲಿನ ಟೇಬಲ್’ ಎಲ್ಲಿದೆ?

(ಗುರುತು ಸಿಗದಂತೆ ಹೆಸರು ಮತ್ತು ಕೆಲವು ವಿವರ ಬದಲಿಸಿದ್ದೇನೆ.)

ಮುಂಬೈ ಹತ್ತಿರದ ಡೊಂಬಿವಲಿಯ ಹುಡುಗ, ಬಿಕಾಂ ಮೊದಲ ವರ್ಷ. ಸುಮಂತ ಅಂತಿಟ್ಟುಕೊಳ್ಳಿ. ಅಪ್ಪನದು ಸ್ಟೇಷನ್ ಹತ್ತಿರ ಚಿಕ್ಕ ಕ್ಯಾಂಟೀನ್. ಪರೀಕ್ಷೆಯಲ್ಲಿ ಕಾಪಿ ಹೊಡೆದಿದ್ದಾನೆಂಬ ಅನುಮಾನದಲ್ಲಿ ಕಾಲೇಜಿನವರು ಅಂಕ ತಡೆಹಿಡಿದಿದ್ದರು.

"ಕಾಪಿ ಅಲ್ಲ ಮೇಡಂ. ರಾತ್ರಿ ಎರಡರವರೆಗೆ ಬಾಯಿಪಾಠ ಮಾಡಿದ್ದನ್ನ ನಾನೇ ನೋಡಿದ್ದೇನೆ" ಎಂದರು ಅವನನ್ನು ನನ್ನ ಹತ್ತಿರ ಕರೆತಂದಿದ್ದ ಅಮ್ಮ.

ಅವರು ಹೇಳಿದ್ದು ನಿಜ. ಬಾಯಿಪಾಠ ಮಾಡಿದ್ದು ಚಾಟ್‌ಜಿಪಿಟಿ ಬರೆದುಕೊಟ್ಟ ಉತ್ತರಗಳನ್ನು, ಅಷ್ಟೇ.

ಪ್ರಶ್ನೆ ಹೀಗಿತ್ತು: ಚಹಾದ ಬೆಲೆ 10 ರೂಪಾಯಿಯಿಂದ 12ಕ್ಕೆ ಏರಿ, ಮಾರಾಟ 200 ಕಪ್‌ನಿಂದ 180ಕ್ಕೆ ಇಳಿದರೆ ಬೇಡಿಕೆಯ ಸ್ಥಿತಿಸ್ಥಾಪಕತ್ವ, ಅಂದರೆ ಬೆಲೆ ಬದಲಾದಾಗ ಬೇಡಿಕೆ ಬದಲಾಗುವ ಪ್ರಮಾಣ, ಎಷ್ಟು? ಸುಮಂತ ತಂದಿದ್ದ ಉತ್ತರಪತ್ರಿಕೆಯ ಜೆರಾಕ್ಸ್ ನೋಡಿದೆ. ವ್ಯಾಖ್ಯೆ ಅಚ್ಚುಕಟ್ಟಾಗಿತ್ತು. ಆಮೇಲೆ ಚಹಾ ಮಾಯ. ‘ಗ್ಯಾಸೋಲಿನ್’ ಬಂತು, ಡಾಲರ್ ಬಂತು. ನಮ್ಮೂರಲ್ಲಿ ಪೆಟ್ರೋಲ್ ಅಂತೀವಿ ಅಲ್ವಾ? ಎಲ್ಲಕ್ಕಿಂತ ಜಾಸ್ತಿ ಕಣ್ಣಿಗೆ ಬಿದ್ದದ್ದು ‘ಮೇಲಿನ ಟೇಬಲ್‌ನಲ್ಲಿ ತೋರಿಸಿದಂತೆ’ ಎಂಬ ಇಂಗ್ಲಿಷ್ ಸಾಲು. ಹಾಳೆಯಲ್ಲಿ ಟೇಬಲ್ಲೇ ಇರಲಿಲ್ಲ! ಅದು ಮೊಬೈಲ್‌ನಲ್ಲೇ ಉಳಿದಿತ್ತು. ಇವನು ವಾಕ್ಯಗಳನ್ನಷ್ಟೇ ಉರುಹೊಡೆದಿದ್ದ.

ವಿಚಿತ್ರ ಮಾತುಗಳನ್ನಷ್ಟೇ ನಂಬಿ ತೀರ್ಪು ಕೊಡುವುದು ನನಗೆ ಸರಿ ಕಾಣುವುದಿಲ್ಲ. ಡಾಲರ್ ಉದಾಹರಣೆ ವಿದೇಶಿ ಪಠ್ಯಪುಸ್ತಕದಿಂದಲೂ ಬರಬಹುದು. ಗೈಡ್ ಬಾಯಿಪಾಠ ಮಾಡಿದವರ ಉತ್ತರವೂ ಹೀಗೇ ಇರುತ್ತದೆ. ಹಾಗಾಗಿ ಪೆನ್ನು ಕೊಟ್ಟು, "ಇದೇ ಚಹಾ ಲೆಕ್ಕ ಮಾಡಿ ತೋರಿಸು" ಎಂದೆ. ಸುಮಂತ ಮತ್ತೆ ಇಂಗ್ಲಿಷ್ ವ್ಯಾಖ್ಯೆಯನ್ನೇ ಶುರು ಮಾಡಿದ. ನಡುವೆ ತಡೆದರೆ ಮತ್ತೆ ಮೊದಲಿಂದ. ಭಯಕ್ಕೂ ಹೀಗಾಗುತ್ತದೆ ಎಂದು ಕನ್ನಡದಲ್ಲೇ ಕೇಳಿದೆ, ಹತ್ತು ನಿಮಿಷ ಕೊಟ್ಟೆ. ಆಗಲೂ ಬರಲಿಲ್ಲ.

"ಅರ್ಥ ಆಗಿಲ್ಲ ಮೇಡಂ" ಎಂದು ಒಪ್ಪಿಕೊಂಡ.

ನಾನು ಹೇಳಿದ್ದು ಇಷ್ಟು. ನಾಳೆಯೇ ಮೇಷ್ಟ್ರ ಹತ್ತಿರ ಹೋಗು. ಎಲ್ಲಿಂದ ಬಾಯಿಪಾಠ ಮಾಡಿದೆ ಅಂತ ಮುಚ್ಚಿಡಬೇಡ, ಹಾಲ್‌ಗೆ ಚೀಟಿ ಒಯ್ದಿಲ್ಲ ಅಂತಲೂ ಹೇಳು. ಎರಡೂ ಬೇರೆ ಬೇರೆ ವಿಷಯ. ಒಂದು ವಾರ ಟೈಮ್ ಕೇಳಿ, ಎದುರಿಗೇ ಲೆಕ್ಕ ಮಾಡುತ್ತೇನೆ ಅನ್ನು. ಮನೆಯಲ್ಲಿ ಒಂದು ಉತ್ತರ ಓದಿದ ಮೇಲೆ ಮೊಬೈಲ್ ಆಚೆ ಇಟ್ಟು, ಅಂಕಿ ಬದಲಿಸಿ ಮಾಡಿ ನೋಡು. ಆಮೇಲೆ ಅಪ್ಪನಿಗೆ ಕನ್ನಡದಲ್ಲಿ ವಿವರಿಸು. ಎಲ್ಲಿ ತಡವರಿಸುತ್ತೀಯೋ ಅಲ್ಲಿ ಪುಸ್ತಕ ತೆರೆ.

ಮೇಷ್ಟ್ರು ಒಪ್ಪಿದರು. ವ್ಯಾಖ್ಯೆಗೆ ಅಂಕ ಕೊಟ್ಟರು, ಲೆಕ್ಕಕ್ಕೆ ಸೊನ್ನೆ. ಆದರೆ ಎದುರಿಗೆ ಕೂರಿಸಿಕೊಂಡು ಕೇಳಿದಾಗ ಸುಮಂತ ಸರಿಯಾಗಿಯೇ ಮಾಡಿದನಂತೆ. ಬೆಲೆ 20 ಶೇಕಡಾ ಏರಿದೆ, ಮಾರಾಟ 10 ಶೇಕಡಾ ಇಳಿದಿದೆ, 10ನ್ನು 20ರಿಂದ ಭಾಗಿಸಿದರೆ 0.5. ಒಂದಕ್ಕಿಂತ ಕಡಿಮೆ, ಅಂದರೆ ಬೆಲೆ ಏರಿದರೂ ಗಿರಾಕಿ ಅಷ್ಟಾಗಿ ಬಿಡುವುದಿಲ್ಲ. ಗಲ್ಲಾಪೆಟ್ಟಿಗೆಗೆ 2000 ಬರುತ್ತಿದ್ದದ್ದು 2160 ಆಗುತ್ತದೆ.

"ಹಾಗಾದ್ರೆ ನಾವೂ 12 ಮಾಡೋಣ್ವಾ?" ಎಂದು ಅಪ್ಪ ಕೇಳಿದರಂತೆ.

"ಅದು ಪ್ರಶ್ನೆಪತ್ರಿಕೆಯ ಅಂಕಿ ಅಪ್ಪ. ಪಕ್ಕದ ಟಪರಿಯಲ್ಲಿ 10ಕ್ಕೇ ಸಿಗೋವಾಗ ನಮ್ಮ ಗಿರಾಕಿ ಜಾಸ್ತಿನೇ ಹೋಗಬಹುದು."