ಲೇ-ಆಫ್, ರಿಟ್ರೆಂಚ್‌ಮೆಂಟ್, ಮುಚ್ಚುಗಡೆ: ನನಗೆ ಸಲ್ಲಬೇಕಾದದ್ದು ಎಷ್ಟು?

ಪ್ರಶ್ನೆ: ಮೈಸೂರಿನ ಕಾರ್ಖಾನೆಯೊಂದರಲ್ಲಿ 7 ವರ್ಷ 8 ತಿಂಗಳಿಂದ ಕಾಯಂ ಕಾರ್ಮಿಕ, ಈಗ 'ಲೇ-ಆಫ್' ಎಂದಿದ್ದಾರೆ. ಕೆಲಸ ಹೋಯಿತೇ? ಪರಿಹಾರವೇನು?

ಉತ್ತರ: ಹೋಗಿಲ್ಲ. ಕಚ್ಚಾ ಮಾಲು, ವಿದ್ಯುತ್ ಇತ್ಯಾದಿ ಇಲ್ಲದೆ ತಾತ್ಕಾಲಿಕವಾಗಿ ಕೆಲಸ ಕೊಡಲಾಗದಿರುವುದೇ ಲೇ-ಆಫ್. ನೌಕರಿಯ ಸಂಬಂಧ ಮುರಿಯುವುದಿಲ್ಲ. ಐವತ್ತು ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆಯಲ್ಲಿ ಒಂದು ವರ್ಷ ಸೇವೆಯಾದವರಿಗೆ ಮೂಲವೇತನ ಮತ್ತು ತುಟ್ಟಿಭತ್ಯೆಯ ಅರ್ಧ ಸಲ್ಲುತ್ತದೆ. ಆದರೆ ದಿನಕ್ಕೊಮ್ಮೆ ನಿಗದಿತ ವೇಳೆಗೆ ಗೇಟಿಗೆ ಹೋಗಿ ಹಾಜರಿ ಹಾಕದಿದ್ದರೆ ಆ ದಿನದ ಪರಿಹಾರ ಕೈತಪ್ಪುತ್ತದೆ. ಹಲವರು ಇಲ್ಲಿಯೇ ಎಡವುತ್ತಾರೆ.

ರಿಟ್ರೆಂಚ್‌ಮೆಂಟ್ ಎಂದರೆ ಶಿಸ್ತುಕ್ರಮವಲ್ಲದೆ, ಹೆಚ್ಚುವರಿ ಎಂದು ಕೆಲಸದಿಂದ ತೆಗೆಯುವುದು. ಇದಕ್ಕೆ ಕಾರಣ ತಿಳಿಸಿದ ಒಂದು ತಿಂಗಳ ಲಿಖಿತ ನೋಟಿಸ್ ಅಥವಾ ಅಷ್ಟೇ ವೇತನ, ಜೊತೆಗೆ ಪ್ರತಿ ವರ್ಷದ ಸೇವೆಗೆ 15 ದಿನಗಳ ಸರಾಸರಿ ವೇತನ ಬೇಕು. ಆರು ತಿಂಗಳು ಮೀರಿದ ಭಾಗವೂ ಒಂದು ವರ್ಷವಾಗುವುದರಿಂದ ನಿಮ್ಮ ಸೇವೆ 8 ವರ್ಷ. ಸರಾಸರಿ ವೇತನ 18,000 ರೂಪಾಯಿಯಾದರೆ ಅರ್ಧ ತಿಂಗಳಿಗೆ 9,000, ಒಟ್ಟು 72,000 ರೂಪಾಯಿ. ನೋಟಿಸ್ ಕೊಡದಿದ್ದರೆ ಇನ್ನೂ 18,000. ಗ್ರಾಚ್ಯುಟಿ ಬೇರೆ. ಈ ಹಣವನ್ನು ತೆಗೆಯುವಾಗಲೇ ಕೊಡಬೇಕು. 'ಆಮೇಲೆ ನೋಡೋಣ' ಎಂದರೆ ಆ ಕ್ರಮವನ್ನು ಪ್ರಶ್ನಿಸಬಹುದು.

ಕಾರ್ಖಾನೆಯನ್ನೇ ಶಾಶ್ವತವಾಗಿ ಮುಚ್ಚುವುದಾದರೆ ಸಾಮಾನ್ಯವಾಗಿ 60 ದಿನ ಮೊದಲು ಸರ್ಕಾರಕ್ಕೆ ನೋಟಿಸ್ ನೀಡಬೇಕು. ಪರಿಹಾರದ ಲೆಕ್ಕ ಮೇಲಿನದೇ. ದೊಡ್ಡ ಕಾರ್ಖಾನೆಗಳಿಗೆ ಸರ್ಕಾರದ ಪೂರ್ವಾನುಮತಿಯೂ ಬೇಕಾಗುತ್ತದೆ.